ರಾಜೀನಾಮೆಗೆ ಮೊದಲಿನ ಅರ್ಧ ಗಂಟೆ

ಬೆಂಗಳೂರಿನ ಬಹಳಷ್ಟು ಸಾಫ್ಟ್‌ವೇರ್ ಕಂಪನಿಗಳಲ್ಲಿ ನೋಟಿಸ್ ಅವಧಿ 60 ಅಥವಾ 90 ದಿನ. ರಾಜೀನಾಮೆಯ ಮೇಲ್ ಹೋದ ದಿನದಿಂದಲೇ ಅದರ ಎಣಿಕೆ ಶುರು. ಆಮೇಲೆ ಮನಸ್ಸು ಬದಲಾದರೆ ಕಂಪನಿ ಒಪ್ಪಿದರಷ್ಟೇ ವಾಪಸ್. ಹಾಗಾಗಿ ಬೇರೆ ಕಡೆಯಿಂದ ಆಫರ್ ಬಂದು, ಹೋಗಬೇಕೋ ಇರಬೇಕೋ ಎಂದು ಇನ್ನೂ ತೀರ್ಮಾನಿಸದವರು ಮೊದಲು ಮ್ಯಾನೇಜರ್ ಜೊತೆ ಮಾತಾಡಬಯಸುತ್ತಾರೆ. ಆ ಮಾತಿಗೆ ಕರೆಯುವ ನಾಲ್ಕು ಸಾಲಿನ ಮೆಸೇಜ್ ಬರೆಯುವಾಗಲೇ ಹೆಚ್ಚಿನವರು ಎಡವುತ್ತಾರೆ.

ವೈಟ್‌ಫೀಲ್ಡ್‌ನ ಒಂದು ಕಂಪನಿಯಲ್ಲಿ ಟೆಸ್ಟಿಂಗ್ ಎಂಜಿನಿಯರ್ ಒಬ್ಬಳು ಇದ್ದಾಳೆ ಎಂದಿಟ್ಟುಕೊಳ್ಳೋಣ. ಅವಳ ಈಗಿನ ಸಿಟಿಸಿ ವರ್ಷಕ್ಕೆ 14 ಲಕ್ಷ. ಹೊಸ ಕಡೆ 18 ಲಕ್ಷ. ನಾಲ್ಕು ಲಕ್ಷ ಹೆಚ್ಚು ಎಂದು ಖುಷಿಪಡುವ ಮುನ್ನ ಅವಳು ಆಫರ್ ಲೆಟರ್ ಬಿಡಿಸಿ ನೋಡುತ್ತಾಳೆ. ಅದರಲ್ಲಿ 2 ಲಕ್ಷ ವೇರಿಯಬಲ್, ಅಂದರೆ ಕೆಲಸ ನೋಡಿ ಕೊಡುವುದು. ಪೂರ್ತಿ ಕೈಗೆ ಬರುವ ಖಾತ್ರಿಯಿಲ್ಲ. ಇನ್ನೊಂದು ಲಕ್ಷ ಜಾಯಿನಿಂಗ್ ಬೋನಸ್, ಮೊದಲ ವರ್ಷಕ್ಕಷ್ಟೇ. ವರ್ಷದೊಳಗೆ ಬಿಟ್ಟರೆ ಹಿಂದಿರುಗಿಸಬೇಕು. ಉಳಿದ ಖಚಿತ ಭಾಗ 15 ಲಕ್ಷ. ಈಗಿನ ಸಂಬಳದಲ್ಲಿ ವೇರಿಯಬಲ್ ಕಳೆದರೆ 13 ಲಕ್ಷ. ಪ್ರತಿವರ್ಷ ನಂಬಬಹುದಾದ ವ್ಯತ್ಯಾಸ ಎರಡೇ ಲಕ್ಷ. ಈ ಲೆಕ್ಕ ಮುಗಿದ ಮೇಲೆ, ಆಫರ್ ಲೆಟರ್ ಕೈಗೆ ಬಂದು ಇನ್ನೂ ಸಹಿ ಹಾಕದಿರುವಾಗ ಮೆಸೇಜ್ ಕಳಿಸಬೇಕು. ಫೋನಿನಲ್ಲಿ ಎಚ್‌ಆರ್ ಹೇಳಿದ ಮಾತನ್ನು ನಂಬಿ ಮ್ಯಾನೇಜರ್ ಮುಂದೆ ಬಾಯಿಬಿಟ್ಟರೆ, ಆ ಆಫರ್ ಕಾಗದದ ಮೇಲೆ ಬಾರದೆಯೂ ಹೋಗಬಹುದು.

ಅವಳು ಹೀಗೆ ಬರೆಯಬಹುದು:

"ನಮಸ್ಕಾರ ಮೇಡಂ. ನನಗೆ ಬೇರೆ ಕಡೆಯಿಂದ ಒಂದು ಆಫರ್ ಬಂದಿದೆ. ಇನ್ನೂ ಒಪ್ಪಿಕೊಂಡಿಲ್ಲ, ಇದು ರಾಜೀನಾಮೆಯೂ ಅಲ್ಲ. ಮುಂದಿನ ಶುಕ್ರವಾರದೊಳಗೆ ಅವರಿಗೆ ಉತ್ತರ ಕೊಡಬೇಕು. ಅದಕ್ಕೆ ಮೊದಲು ಇಲ್ಲಿ ನನ್ನ ಮುಂದಿನ ದಾರಿ ಏನು ಅಂತ ನಿಮ್ಮ ಹತ್ತಿರ ಬಿಚ್ಚಿ ಮಾತಾಡಬೇಕಿತ್ತು. ನಾಳೆ ಅಥವಾ ನಾಡಿದ್ದು ಅರ್ಧ ಗಂಟೆ ಸಿಗಬಹುದಾ?"

ಇಲ್ಲಿ ಹೊಸ ಕಂಪನಿಯ ಹೆಸರಿಲ್ಲ, ಸಂಬಳದ ಅಂಕಿಯೂ ಇಲ್ಲ. ಅಂಕಿ ಬರೆದ ಕೂಡಲೇ ಓದುವವರಿಗೆ ಅದು ಚೌಕಾಸಿಯಾಗಿ ಕಾಣುತ್ತದೆ. ಮಾತು ಶುರುವಾಗುವ ಮೊದಲೇ ಅದು ಎಚ್‌ಆರ್ ಮೇಜಿಗೆ ಹೋಗಿರುತ್ತದೆ. "ರಾಜೀನಾಮೆಯೂ ಅಲ್ಲ" ಎಂಬ ಮಾತು ಇರಲೇಬೇಕು. "ಬಿಡೋಣ ಅಂತಿದ್ದೀನಿ" ಎಂದು ಬರೆದಿದ್ದನ್ನೇ ರಾಜೀನಾಮೆ ಎಂದು ಹಿಡಿದು ಬದಲಿ ಜನರನ್ನು ಹುಡುಕಲು ತೊಡಗುವ ಮ್ಯಾನೇಜರ್‌ಗಳಿದ್ದಾರೆ. ಗಡುವು ಹೇಳುವುದಕ್ಕೂ ಕಾರಣವಿದೆ. ವರ್ಷದ ಮಧ್ಯೆ ಸಂಬಳ ಏರಿಸುವ ಅಧಿಕಾರ ಸಾಮಾನ್ಯವಾಗಿ ಮ್ಯಾನೇಜರ್ ಒಬ್ಬರ ಕೈಯಲ್ಲಿರುವುದಿಲ್ಲ. ಮೇಲಿನವರು, ಎಚ್‌ಆರ್, ಹಣಕಾಸು ವಿಭಾಗ ಎಲ್ಲರೂ ಒಪ್ಪಬೇಕು. ಕೊನೆಯ ದಿನ ಸಂಜೆ ಹೇಳಿದರೆ ಮನಸ್ಸಿದ್ದವರೂ ಏನೂ ಮಾಡಲಾರರು.

ಆಫೀಸಿನ ಚಾಟ್ ಕಂಪನಿಯ ಸ್ವತ್ತು ಎಂಬುದೂ ನೆನಪಿರಬೇಕು.

ಎದುರು ಕೂತಾಗ ಅವಳು ಕೇಳಬೇಕಾದದ್ದು ಆ ಮ್ಯಾನೇಜರ್‌ಗೆ ಮಾತ್ರ ಗೊತ್ತಿರುವ ಸಂಗತಿಗಳನ್ನು. ಈ ಪ್ರಾಜೆಕ್ಟ್ ಇನ್ನೆಷ್ಟು ತಿಂಗಳು? ಮುಂದಿನ ಬಡ್ತಿ ಪಟ್ಟಿಗೆ ತನ್ನ ಹೆಸರು ಹೋಗುತ್ತದೆಯೇ? ಎರಡು ವರ್ಷದಿಂದ ಕೇಳುತ್ತಿರುವ ಆಟೊಮೇಷನ್ ಕೆಲಸ ಸಿಗುತ್ತದೆಯೇ? ಉತ್ತರದಲ್ಲಿ ದಿನಾಂಕವೋ ತಿಂಗಳೋ ಇದ್ದರೆ ಅದಕ್ಕೆ ತೂಕವಿದೆ. "ನೋಡೋಣ, ನಾನಿದ್ದೀನಲ್ಲ" ಎಂಬುದರಲ್ಲಿ ಪ್ರೀತಿ ಇರಬಹುದು, ಆದರೆ ನಾಳೆ ಆ ಮ್ಯಾನೇಜರೇ ಬೇರೆ ಟೀಮಿಗೆ ಹೋದರೆ ಆ ಮಾತು ಯಾರ ಲೆಕ್ಕಕ್ಕೂ ಬರುವುದಿಲ್ಲ. ಸಂಬಳ ಏರಿಸುತ್ತೇವೆ ಎಂದರೆ, ಹೊಸ ಆಫರನ್ನು ಬಿಡುವ ಮೊದಲು ಪರಿಷ್ಕೃತ ಸಂಬಳದ ಪತ್ರ ಕೇಳುವುದರಲ್ಲಿ ಸಂಕೋಚ ಬೇಕಿಲ್ಲ.

ಎಲ್ಲ ಕಡೆಯೂ ಈ ದಾರಿ ನಡೆಯುವುದಿಲ್ಲ. ಆಫರ್ ಇದೆ ಎಂದವರನ್ನು ಮರುದಿನದಿಂದಲೇ ಮುಖ್ಯ ಕೆಲಸದಿಂದ ದೂರವಿಡುವ, ಅಪ್ರೈಸಲ್‌ನಲ್ಲಿ ಅಂಕ ಇಳಿಸುವ ಟೀಮುಗಳಿವೆ. ಆ ಮ್ಯಾನೇಜರ್ ಕೈಕೆಳಗಿದ್ದು ಹೊರಟವರನ್ನು ವಿಚಾರಿಸಿದರೆ ಇದು ಮೊದಲೇ ತಿಳಿಯುತ್ತದೆ. ಅಂಥ ಕಡೆ ಈ ಮೆಸೇಜ್ ಕಳಿಸದೆ ಸ್ವಂತವಾಗಿಯೇ ತೀರ್ಮಾನಿಸುವುದು ಕ್ಷೇಮ.

ಉಳಿಯುವುದಾದರೆ ಅವಳು ಹೊಸ ಕಂಪನಿಗೆ ಶುಕ್ರವಾರದೊಳಗೆ ಧನ್ಯವಾದ ಹೇಳಿ ತಿಳಿಸಬೇಕು. ಹೊರಡುವುದಾದರೆ, ಹೊಸ ಆಫರ್‌ಗೆ ಲಿಖಿತ ಒಪ್ಪಿಗೆ ಕೊಟ್ಟ ಮೇಲೆ ಎಚ್‌ಆರ್‌ಗೂ ಪ್ರತಿ ಹೋಗುವಂತೆ ಪ್ರತ್ಯೇಕ ರಾಜೀನಾಮೆ ಮೇಲ್ ಬರೆಯಬೇಕು. ಅದು ಜೂನ್ 10ಕ್ಕೆ ಹೋದರೆ, 90 ದಿನದ ನೋಟಿಸ್ ಮುಗಿಯುವ ಹೊತ್ತಿಗೆ ಸೆಪ್ಟೆಂಬರ್ ಮೊದಲ ವಾರ ಕಳೆದಿರುತ್ತದೆ. ಹೊಸ ಕಡೆ ಸೇರುವ ದಿನಾಂಕವನ್ನು ಅದಕ್ಕೆ ಸರಿಯಾಗಿ ಮೊದಲೇ ಬರೆಸಿಕೊಂಡಿರಬೇಕು.