ಎಂಟು ವಾರ, 84 ಗಂಟೆ

ಬೆಂಗಳೂರಿನ ಸರ್ವೀಸ್ ಕಂಪನಿಯಲ್ಲಿ ನಾಲ್ಕು ವರ್ಷ ದುಡಿದವರೊಬ್ಬರು ಪ್ರಾಡಕ್ಟ್ ಕಂಪನಿಯ ಇಂಟರ್‌ವ್ಯೂಗೆ ಓದಲು ಹೊರಟಿದ್ದಾರೆ ಎಂದುಕೊಳ್ಳಿ. ಆಫೀಸು ಬಿಡುವಂತಿಲ್ಲ. ವಾರದಲ್ಲಿ ನಾಲ್ಕು ಬೆಳಗ್ಗೆ ಒಂದೊಂದು ಗಂಟೆ, ಶನಿವಾರ, ಭಾನುವಾರ ನಾಲ್ಕು ನಾಲ್ಕು ಗಂಟೆ ಸಿಕ್ಕರೆ ಎಂಟು ವಾರಕ್ಕೆ 96 ಗಂಟೆ. ನಡುವೆ ರಿಲೀಸ್ ವಾರವೊಂದು ಬಂದೇ ಬರುತ್ತದೆ. ಅದನ್ನು ಮೊದಲೇ ಕಳೆದುಬಿಟ್ಟರೆ ಉಳಿಯುವುದು 84.

ಹೆಚ್ಚಿನವರು ಲೀಟ್‌ಕೋಡ್ ತಾಣದ ಲೆಕ್ಕಗಳಲ್ಲಿ ಆಯ್ದ 'ಬ್ಲೈಂಡ್ 75' ಪಟ್ಟಿ ಹಿಡಿದು ಕೂರುತ್ತಾರೆ. ಒಂದು ಲೆಕ್ಕಕ್ಕೆ ಸ್ವಂತ ಪ್ರಯತ್ನ 35 ನಿಮಿಷ, ಉತ್ತರ ಅರ್ಥಮಾಡಿಕೊಳ್ಳಲು 25, ಮತ್ತೆ ಎರಡು ಸಲ ಬರೆಯಲು 30 ಎಂದು ಹಿಡಿದರೂ ಒಂದೂವರೆ ಗಂಟೆ ಬೇಕು. 75 ಲೆಕ್ಕಕ್ಕೆ 112 ಗಂಟೆ ಮೀರುತ್ತದೆ. ಪಟ್ಟಿ ಮುಗಿಸುವ ಹಟದಲ್ಲಿ ಜನ ಕೈಬಿಡುವುದು ಆ ಕೊನೆಯ ಅರ್ಧ ಗಂಟೆಯನ್ನೇ. ನನ್ನ ಪ್ರಕಾರ ಕೈಬಿಡಬೇಕಾದದ್ದು ಲೆಕ್ಕಗಳನ್ನು. 40 ಸಾಕು. ಅದಕ್ಕೆ 60 ಗಂಟೆ ಹೋಗುತ್ತದೆ.

ಮತ್ತೆ ಬರೆಯುವುದೇಕೆ ಎನ್ನುವುದಕ್ಕೆ ಪಟ್ಟಿಯ ಮೊದಲ ಲೆಕ್ಕವನ್ನೇ ನೋಡಿ. 8, 3, 11, 5 ಎಂಬ ಸಂಖ್ಯೆಗಳಿವೆ; ಯಾವ ಎರಡು ಕೂಡಿದರೆ 16? ಪ್ರತಿ ಜೋಡಿಯನ್ನೂ ಕೂಡಿ ನೋಡಬಹುದು, ಆದರೆ 10,000 ಸಂಖ್ಯೆಗಳಿದ್ದರೆ ಜೋಡಿಗಳೇ ಸುಮಾರು ಐದು ಕೋಟಿ. ಅದರ ಬದಲು, ನೋಡಿದ ಸಂಖ್ಯೆಯನ್ನು ಹ್ಯಾಶ್‌ಮ್ಯಾಪ್‌ನಲ್ಲಿ ಇಟ್ಟುಕೊಳ್ಳುತ್ತ ಹೋದರೆ ಒಂದೇ ಸುತ್ತು ಸಾಕು. 5 ಬಂದಾಗ 'ಇದಕ್ಕೆ 11 ಬೇಕು, ಹಿಂದೆ ಬಂದಿತ್ತೇ?' ಎಂದು ಕೇಳಿದರಾಯಿತು. ಓದಿದಾಗ ಇದು ಎಲ್ಲರಿಗೂ ಹೊಳೆಯುತ್ತದೆ. ಮೂರು ದಿನ ಬಿಟ್ಟು ಖಾಲಿ ಹಾಳೆಯಲ್ಲಿ ಬರೆಯಹೊರಟರೆ ಹಲವರು ಮೊದಲು ಸಂಖ್ಯೆಯನ್ನು ಇಟ್ಟು ಆಮೇಲೆ ಹುಡುಕುತ್ತಾರೆ. ಆಗ 8 ತನಗೆ ತಾನೇ ಜೋಡಿಯಾಗಿ, ಉತ್ತರ ತಪ್ಪುತ್ತದೆ. ಹುಡುಕಿ, ಆಮೇಲೆ ಇಡಬೇಕು. ಇಂಥ ಎಡವಟ್ಟು ಉತ್ತರ ಓದುವಾಗ ಕಣ್ಣಿಗೆ ಬೀಳುವುದಿಲ್ಲ. ಮೂರನೆಯ ದಿನ ಒಮ್ಮೆ, ವಾರ ಕಳೆದು ಇನ್ನೊಮ್ಮೆ ಬರೆದಾಗ ತಡವರಿಸಿದರೆ ಆ ಲೆಕ್ಕ ಇನ್ನೂ ನಿಮ್ಮದಾಗಿಲ್ಲ.

ಮೊದಲ ಐದು ವಾರದಲ್ಲಿ ಅರೇ, ಹ್ಯಾಶ್‌ಮ್ಯಾಪ್, ಬೈನರಿ ಸರ್ಚ್, ಟ್ರೀ, ಗ್ರಾಫ್ ಎಂಬ ಕ್ರಮ ಸರಿಹೋಗುತ್ತದೆ. ಡೈನಾಮಿಕ್ ಪ್ರೋಗ್ರಾಮಿಂಗ್ ಕೊನೆಗಿರಲಿ. ಅದು ಸಮಯ ನುಂಗುತ್ತದೆ. ಹೊಸ ಲೆಕ್ಕ ಶನಿವಾರ, ಭಾನುವಾರಕ್ಕೆ, ಮರುಬರಹ ಆಫೀಸಿನ ದಿನಗಳ ಬೆಳಗ್ಗೆಗೆ.

ಉಳಿದ 24 ಗಂಟೆಯಲ್ಲಿ ಅರ್ಧ ಸಿಸ್ಟಮ್ ಡಿಸೈನ್‌ಗೆ, ಅರ್ಧ ಮಾಕ್ ಇಂಟರ್‌ವ್ಯೂಗೆ. ಸಹೋದ್ಯೋಗಿಯನ್ನು ಎದುರು ಕೂರಿಸಿ, 45 ನಿಮಿಷ ಗಡಿಯಾರ ಇಟ್ಟು, ಬಾಯಿಬಿಟ್ಟು ಹೇಳುತ್ತಲೇ ಕೋಡ್ ಬರೆಯಬೇಕು. ಮೌನವಾಗಿ ಸರಾಗ ಬರೆಯುವವರೂ ಇಲ್ಲಿ ತೊದಲುತ್ತಾರೆ. ಹಾಗಾಗಿ ಆರನೆಯ ವಾರದಲ್ಲೇ ಶುರುಮಾಡುವುದು ಮೇಲು.

ಅರ್ಜಿ ಹಾಕಲು ಮಾತ್ರ ಎಂಟು ವಾರ ಮುಗಿಯಲೆಂದು ಕಾಯಬೇಡಿ. ಕರೆ ಬಂದು ದಿನ ಗೊತ್ತಾಗಲು ವಾರಗಳೇ ಹಿಡಿಯಬಹುದು, ಐದನೆಯ ವಾರವೇ ಕಳುಹಿಸಿ. ಮೊದಲ ಕರೆಯಲ್ಲೇ ನೋಟಿಸ್ ಅವಧಿ ಎಷ್ಟೆಂದು ಕೇಳುತ್ತಾರೆ. 90 ದಿನವಿದ್ದರೆ, ಅದನ್ನು ಕಡಿತ ಮಾಡಿಸಿಕೊಳ್ಳಲು ಸಾಧ್ಯವೇ ಎಂದು ನಿಮ್ಮ ನೇಮಕಾತಿ ಪತ್ರದಲ್ಲಿ ನೋಡಿಟ್ಟುಕೊಂಡೇ ಫೋನ್ ಎತ್ತಿ.