ಬಚ್ಚಲು ಒಡೆಯುವ ಮುನ್ನ ಒಂದು ಪತ್ರ

ಸ್ನಾನದ ಮನೆ ರಿಪೇರಿಯಲ್ಲಿ ಮುಖ್ಯವಾದ ಕೆಲಸವೆಲ್ಲ ಟೈಲ್ಸಿನ ಹಿಂದೆ ಮುಚ್ಚಿಹೋಗುತ್ತದೆ. ಪೈಪಿನ ಜಾಯಿಂಟು ಸರಿಯಿಲ್ಲವೆಂದು ತಿಳಿಯುವುದು ಕೆಳಗಿನ ಮನೆಯ ಚಾವಣಿಯಲ್ಲಿ ಒದ್ದೆ ಕಲೆ ಮೂಡಿದಾಗ. ಅಷ್ಟರಲ್ಲಿ ಹಣ ಪೂರ್ತಿ ಕೊಟ್ಟಾಗಿರುತ್ತದೆ. ಆದ್ದರಿಂದ ಕಂಟ್ರಾಕ್ಟರಿಗೆ ಬರೆಯುವ ಪತ್ರದಲ್ಲಿ ಕಂತನ್ನು ತಾರೀಖಿನ ಮೇಲಲ್ಲ, ಪರೀಕ್ಷೆಯ ಮೇಲೆ ನಿಲ್ಲಿಸಬೇಕು.

ಬೆಂಗಳೂರಿನ ಹಳೆಯ ಮನೆಯೊಂದರ ಮಹಡಿಯಲ್ಲಿ 8 ಅಡಿ ಉದ್ದ, 5 ಅಡಿ ಅಗಲದ ಬಚ್ಚಲು ಇದೆಯೆನ್ನಿ. ಒಪ್ಪಿದ ಮೊತ್ತ 1,20,000 ರೂಪಾಯಿ. ಪತ್ರದ ಮೊದಲ ಭಾಗದಲ್ಲಿ ಕೆಲಸದ ಪಟ್ಟಿ ಇರಲಿ: ಹಳೆಯ ಟೈಲ್ಸ್ ಮತ್ತು ತುಕ್ಕು ಹಿಡಿದ ಜಿಐ ಪೈಪ್ ಕಿತ್ತು, ಬಿಸಿನೀರು-ತಣ್ಣೀರಿಗೆ ಸಿಪಿವಿಸಿ ಪೈಪ್ ಹಾಕುವುದು, ವಾಟರ್‌ಪ್ರೂಫಿಂಗ್, ಟೈಲ್ಸ್, ಕಮೋಡ್ ಮತ್ತು ನಲ್ಲಿಗಳ ಜೋಡಣೆ. ಯಾವ ಸಾಮಾನು ಯಾರು ತರಬೇಕು, ಒಡೆದ ಮಣ್ಣು-ಕಲ್ಲು ಯಾರು ಸಾಗಿಸಬೇಕು ಎಂಬುದನ್ನೂ ಬರೆಯಿರಿ. ಜಗಳ ಹುಟ್ಟುವುದೇ ಅಲ್ಲಿ.

ಒಟ್ಟು ಅವಧಿ 18 ದಿನ ಎಂದಿಟ್ಟುಕೊಳ್ಳಿ. ಗಾರೆ ಒಣಗುವ ದಿನ, ನೀರು ನಿಲ್ಲಿಸುವ ದಿನ ಎಲ್ಲವೂ ಅದರಲ್ಲಿ ಸೇರಿರಬೇಕು. ಮಾಲೀಕರು ಟೈಲ್ಸ್ ತಂದುಕೊಡಲು ತಡಮಾಡಿದರೆ ಅಷ್ಟು ದಿನ ಅವಧಿ ಮುಂದಕ್ಕೆ ಹೋಗುತ್ತದೆಂದು ಒಪ್ಪಿಕೊಳ್ಳುವುದೂ ನ್ಯಾಯ.

ಈಗ ಹಣ. ಮುಂಗಡ 24,000. ಎರಡನೆಯ ಕಂತು 36,000, ಪೈಪಿನ ಒತ್ತಡ ಪರೀಕ್ಷೆಯ ನಂತರ. ಜಾಯಿಂಟಿನ ಅಂಟು ಒಣಗಲು ಒಂದು ದಿನ ಬಿಟ್ಟು, ಪೈಪುಗಳ ಬಾಯಿ ಮುಚ್ಚಿ, ಕೈಪಂಪಿನಿಂದ ನೀರಿನ ಒತ್ತಡ ಏರಿಸಿ ಮಾಪಕದ ಮುಳ್ಳು ನೋಡುತ್ತಾರೆ. ಎರಡು ಗಂಟೆ ಮುಳ್ಳು ಇಳಿಯದಿದ್ದರೆ ಸರಿ, ಇಳಿದರೆ ಎಲ್ಲೋ ಸೋರುತ್ತಿದೆ. ಗೋಡೆ ಮುಚ್ಚುವ ಮೊದಲು ಪೈಪು ಹೋದ ದಾರಿಯ ಫೋಟೊ ತೆಗೆದಿಟ್ಟುಕೊಳ್ಳಿ. ಮುಂದೆ ಮೊಳೆ ಹೊಡೆಯುವಾಗ ಅದೇ ನಕ್ಷೆ.

ಮೂರನೆಯ ಕಂತು 24,000, ವಾಟರ್‌ಪ್ರೂಫಿಂಗ್ ಪರೀಕ್ಷೆಯ ನಂತರ. ನೆಲದ ನೀರು ಹೋಗುವ ಬಾಯಿ ಮುಚ್ಚಿ, ಎರಡು ಇಂಚು ನೀರು ತುಂಬಿ, ಗೋಡೆಯ ಮೇಲೆ ನೀರಿನ ಮಟ್ಟಕ್ಕೆ ಗೀಟು ಹಾಕಿ 48 ಗಂಟೆ ಬಿಡಬೇಕು. ಗಾಳಿಗೆ ಚೂರು ಆರುವುದು ಸಹಜ. ಮಟ್ಟ ಎದ್ದು ಕಾಣುವಷ್ಟು ಇಳಿದರೆ, ಇಲ್ಲವೇ ಕೆಳಗಿನ ಚಾವಣಿ ಒದ್ದೆಯಾದರೆ, ಟೈಲ್ಸ್ ಹಾಕಬಾರದು.

ಟೈಲ್ಸ್, ಜೋಡಣೆ ಮುಗಿದ ಮೇಲೆ ಇನ್ನೂ 24,000. ಅದಕ್ಕೆ ಮೊದಲು ನೆಲಕ್ಕೆ ಒಂದು ಬಕೆಟ್ ನೀರು ಸುರಿಯಿರಿ; ಮೂಲೆಯಲ್ಲಿ ನಿಂತರೆ ಇಳಿಜಾರು ತಪ್ಪಿದೆ. ಉಳಿದ 12,000 ರೂಪಾಯಿ ತಿಂಗಳು ಬಳಸಿ ನೋಡಿದ ಮೇಲೆ.

ನಡುವೆ ಹುಟ್ಟುವ ಹೆಚ್ಚುವರಿ ಕೆಲಸಕ್ಕೆ ದರವನ್ನು ಬರಹದಲ್ಲಿ ಒಪ್ಪದೆ ಕೈಹಾಕಬಾರದೆಂದು ಕೊನೆಯ ಸಾಲು ಸೇರಿಸಿ. ಪತ್ರ ಎರಡು ಪ್ರತಿಯಿರಲಿ, ಇಬ್ಬರೂ ಸಹಿ ಹಾಕಿ ಒಂದೊಂದು ಇಟ್ಟುಕೊಳ್ಳಿ. ಪರೀಕ್ಷೆಗೆ ಒಪ್ಪದ ಕಂಟ್ರಾಕ್ಟರಿಗೆ ಮುಂಗಡ ಕೊಡದಿರುವುದೇ ಲೇಸು.