ಮೂರು ಸಲ ಲೇಟಾದ್ರೆ ಅರ್ಧ ದಿನದ ಸಂಬಳ ಕಟ್?

ಪೀಣ್ಯದ ಒಂದು ವರ್ಕ್‌ಶಾಪ್ ಅಂದ್ಕೊಳ್ಳಿ. ಶಿಫ್ಟ್ ಶುರು ಒಂಬತ್ತಕ್ಕೆ. ಗೋಡೆ ಮೇಲೆ ನೋಟಿಸು: ‘ಮೂರು ಸಲ ತಡವಾದರೆ ಅರ್ಧ ದಿನ ಕಟ್.’

ಲೆಕ್ಕ ಹಾಕೋಣ. ತಿಂಗಳಿಗೆ 20,800 ರೂಪಾಯಿ, 26 ದಿನದ ಕೆಲಸ. ದಿನಕ್ಕೆ 800. ಎಂಟು ಗಂಟೆ ದುಡಿಮೆ ಅಂದ್ರೆ ಗಂಟೆಗೆ 100. ಒಬ್ಬರು ಮೂರು ದಿನ ಹನ್ನೆರಡು ಹನ್ನೆರಡು ನಿಮಿಷ ತಡವಾಗಿ ಬಂದ್ರು. ಒಟ್ಟು 36 ನಿಮಿಷ, ಬೆಲೆ 60 ರೂಪಾಯಿ. ಕಟ್ ಆಗಿದ್ದು 400!

ಇದು ಬರೀ ಜಿಪುಣತನ ಅಲ್ಲ. ಗೈರಾದ ಸಮಯಕ್ಕೆ ಎಷ್ಟೋ ಅಷ್ಟೇ ಹಿಡೀಬೇಕು, ಅದಕ್ಕಿಂತ ಹೆಚ್ಚಿಲ್ಲ ಅಂತ 1936ರ ವೇತನ ಪಾವತಿ ಕಾಯ್ದೆಯೇ ಹೇಳಿತ್ತು. 2019ರ ವೇತನ ಸಂಹಿತೆಯಲ್ಲೂ ಅದೇ ಇದೆ.

ಹಾಗಾದ್ರೆ ವಿನಾಯಿತಿ ಎಷ್ಟು ನಿಮಿಷ? ಮೊದಲು ಗೇಟ್ ಹತ್ರ ಹೋಗಿ ನಿಂತು ನೋಡಿ. 8:57ಕ್ಕೆ ಬಂದವರು ಹೆಬ್ಬೆಟ್ಟಿನ ಮಷಿನ್ ಮುಂದೆ ಕ್ಯೂ ನಿಂತು 9:05ಕ್ಕೆ ಪಂಚ್ ಮಾಡ್ತಿದ್ರೆ, ಐದು ನಿಮಿಷದ ವಿನಾಯಿತಿ ಕ್ಯೂಗೇ ಖರ್ಚು. ಹತ್ತು ಕೊಡಿ, ಇಲ್ಲಾ ಇನ್ನೊಂದು ಮಷಿನ್ ಹಾಕಿ.

ಹತ್ತು ದಾಟಿದ್ರೆ? 9:24ಕ್ಕೆ ಬಂದವರಿಗೆ ಲೆಕ್ಕ ಒಂಬತ್ತರಿಂದಲೋ, 9:10ರಿಂದಲೋ? ಎರಡೂ ನಡೆಯುತ್ತೆ, ಆದ್ರೆ ಮೊದಲೇ ಬರೆದು ಹಾಕಿರಬೇಕು. ಒಂಬತ್ತರಿಂದ ಅಂದ್ರೆ 40 ರೂಪಾಯಿ. ಸಂಜೆ ಆ 24 ನಿಮಿಷ ಕೂತು ಕೆಲಸ ಮುಗಿಸಿಕೊಟ್ರೆ, ನನ್ನ ಪ್ರಕಾರ ಆ 40 ಕೂಡ ಬೇಡ.

ದಿನಾ ಲೇಟಾಗಿ ಬರೋರಿಗೆ ಏನು ಮಾಡೋದು ಅಂತೀರಾ? ಕರೆದು ಕೇಳಿ, ಆಮೇಲೆ ಮೆಮೊ ಕೊಡಿ. ಅದು ಶಿಸ್ತಿನ ವಿಷಯ. ಸಂಬಳದ ಲೆಕ್ಕಕ್ಕೆ ಸೇರಿಸಬೇಡಿ.